ಟ್ಯಾಕ್ಸ್ ಪೇಪರ್‌ನಾಗ ಯಾವ ಪ್ರಶ್ನೆ ಹಿಡೀಬೇಕು: ಪ್ರೀವಿಯಸ್ ಇಯರ್ರಾ, ಹೆಡ್ಸಾ?

ಕಲಬುರಗಿ ಕಡಿ ಎಲ್‌ಎಲ್‌ಬಿ ಹುಡುಗ್ರು 1961ರ ಇನ್‌ಕಮ್ ಟ್ಯಾಕ್ಸ್ ಆ್ಯಕ್ಟ್ ಓದೋವಾಗ ಇದs ಕೇಳ್ತಾರ. ಎರಡರಾಗ ಒಂದು ಬರೀರಿ ಅಂತ ಬಂದ್ರ ಏನ್ ಮಾಡೋದು?

ಪ್ರೀವಿಯಸ್ ಇಯರ್ ಅಂದ್ರ ದುಡಿದ ವರ್ಷ, ಅಸೆಸ್‌ಮೆಂಟ್ ಇಯರ್ ಅಂದ್ರ ಅದರ ಮುಂದಿಂದು, ಅದರಾಗ ಲೆಕ್ಕ ಹಾಕಿ ಟ್ಯಾಕ್ಸ್ ಹಾಕ್ತಾರ. ಸೂಪರ್ ಮಾರ್ಕೆಟ್‌ನಾಗ ಒಬ್ಬಾವ 2023 ಅಕ್ಟೋಬರ್ 1ಕ್ಕ ಹೊಸಾ ಅಂಗಡಿ ತಗದಾನ, ಬ್ಯಾರೆ ಆದಾಯ ಇಲ್ಲ ಅನ್ರಿ, ಅವನ ಮೊದಲ ಪ್ರೀವಿಯಸ್ ಇಯರ್ 2024 ಮಾರ್ಚ್ 31ಕ್ಕ ಮುಗೀತದ, ಬರೇ ಆರು ತಿಂಗಳು, ಅಸೆಸ್‌ಮೆಂಟ್ ಇಯರ್ 2024-25 ಮಾತ್ರ ಪೂರಾ 12 ತಿಂಗಳು. ಇಲ್ಲೇ ಭಾಳ ಮಂದಿ ಎಡವ್ತಾರ. ಆದ್ರ ಮಾರ್ಕ್ಸ್ ಇರೋದು ಎಕ್ಸೆಪ್ಶನ್‌ನಾಗ್ರಿ: ವಾಪಸ್ ಬರೋದಿಲ್ಲ ಅಂತ ದೇಶ ಬಿಟ್ಟು ಹೋಗಾವ (ಸೆಕ್ಷನ್ 174), ಬಂದ್ ಆದ ಬಿಸಿನೆಸ್ (176), ಇವರಿಗಿ ಮುಂದಿನ ವರ್ಷದ ತನಕ ಕಾಯಬೇಕಂತಿಲ್ಲ. ಇಂಥಾವು ಐದು ಅದಾವ, ನೆನಪಿಲ್ಲಂದ್ರ ಈ ಪ್ರಶ್ನೆ ಬಿಡ್ರಿ.

ಹೆಡ್ಸ್ ಪ್ರಶ್ನೆ, ಸೆಕ್ಷನ್ 14, ಉದ್ದ ಅದ ಖರೆ ಆದ್ರ ಸೇಫ್. ಹೆಡ್ಸ್ ಅಂದ್ರ ಆದಾಯದ ಐದು ಬಗಿ: ಸಂಬಳ, ಮನಿ ಆಸ್ತಿ, ಬಿಸಿನೆಸ್, ಕ್ಯಾಪಿಟಲ್ ಗೇನ್ಸ್, ಇತರೆ ಮೂಲ. ಬರೇ ಹೆಸರು ಬರದ್ರ ಮಾರ್ಕ್ಸ್ ಬರಂಗಿಲ್ಲ, ಒಂದು ಲೆಕ್ಕ ಹಾಕ್ರಿ: ಮಳಿಗಿ ಬಾಡಿಗಿ ವರ್ಷಕ್ಕ 1,20,000, ಕಟ್ಟಿದ ಪಾಲಿಕೆ ತೆರಿಗಿ 20,000 ಕಳದ್ರ ಒಂದು ಲಕ್ಷ, ಅದರಾಗ ಆ್ಯಕ್ಟ್ ಕೊಡೋ 30% ಕಡಿತ ಹೋದ್ರ 70,000 ಮನಿ ಆಸ್ತಿ ಆದಾಯ. ಅದೇ ಮಳಿಗ್ಯಾಗ ಮಾಲೀಕ ತಾನೇ ವ್ಯಾಪಾರ ಮಾಡಿದ್ರ ಈ ಹೆಡ್ ಇಲ್ಲ, ಲಾಭ ಬಿಸಿನೆಸ್‌ಗಿ ಹೋಗ್ತದ. ಹೊಲದ ತೊಗರಿ ರೊಕ್ಕ ಸೆಕ್ಷನ್ 10(1)ರಾಗ ಮಾಫ್, ಅದನ್ನ ಇತರೆ ಮೂಲದಾಗ ತುರುಕಬ್ಯಾಡ್ರಿ.

ಟೈಮ್ ಇದ್ರ ನಾ ಹೆಡ್ಸೇ ಹಿಡೀತೀನಿ. 2025ರ ಹೊಸಾ ಆ್ಯಕ್ಟ್ ಸಿಲಬಸ್‌ಗಿ ಬಂದಿದ್ರ ಎರಡೂ ಇಯರ್ ಜಾಗಾದಾಗ ‘ಟ್ಯಾಕ್ಸ್ ಇಯರ್’ ಬರೀಬೇಕ್ರಿ.