ಒಂದು ಕ್ಯಾರೆಟ್, ನಾಲ್ಕು ಆಕಾರ: ಯಾವುದು ದೊಡ್ಡದಾಗಿ ಕಾಣುತ್ತೆ, ಯಾವುದಕ್ಕೆ ಎಷ್ಟು ಕೊಡಬೇಕು?

"ಓವಲ್ ತಗೊಳ್ಳಿ ಮೇಡಂ, ಕಮ್ಮಿ ದುಡ್ಡಿಗೆ ದೊಡ್ಡ ಕಲ್ಲು ಬರುತ್ತೆ." ವಜ್ರದ ಅಂಗಡಿಗೆ ಹೋದವರೆಲ್ಲ ಈಚೆಗೆ ಈ ಮಾತು ಕೇಳಿಯೇ ಇರುತ್ತಾರೆ. ಕಮ್ಮಿ ದುಡ್ಡು ಅನ್ನುವುದು ಬಹುಪಾಲು ನಿಜ. ದೊಡ್ಡ ಕಲ್ಲು ಅನ್ನುವುದು ಆಯಾ ಕಲ್ಲಿನ ಮೇಲೆ ಹೋಗುತ್ತೆ, ಆಕಾರ ನೋಡಿಯೇ ಹೇಳಲು ಬರುವುದಿಲ್ಲ. ತಂಗಿಯ ಮಗಳ ನಿಶ್ಚಿತಾರ್ಥದ ಉಂಗುರಕ್ಕೆಂದು ಬೆಂಗಳೂರಿನಲ್ಲಿ ನಾಲ್ಕು ಆಕಾರಗಳನ್ನೂ ಒಂದೇ ತಟ್ಟೆಯಲ್ಲಿ ಇಡಿಸಿಕೊಂಡು ನೋಡಿದೆವು. ಎಲ್ಲವೂ ನೈಸರ್ಗಿಕ ವಜ್ರ, ಎಲ್ಲವೂ ಒಂದು ಕ್ಯಾರೆಟ್ಟಿನ ಆಸುಪಾಸು, ಬಣ್ಣ ಜಿ, ಶುದ್ಧತೆ ವಿಎಸ್1, ವಜ್ರ ಪರೀಕ್ಷಿಸುವ ಜಿಐಎ ಸಂಸ್ಥೆಯ ಸರ್ಟಿಫಿಕೇಟ್ ಇದ್ದವು. ಬೇರೆಲ್ಲ ಒಂದೇ ಇದ್ದರೆ ಮಾತ್ರ ಆಕಾರದ ಬೆಲೆ ಎಷ್ಟೆಂದು ಗೊತ್ತಾಗುತ್ತೆ.

ಮೊದಲು ಗಾತ್ರ. ಕ್ಯಾರೆಟ್ ಅಂದರೆ ತೂಕ, 0.2 ಗ್ರಾಂ, ಅಷ್ಟೆ. ಬೆರಳಿನ ಮೇಲೆ ಕಾಣುವುದು ತೂಕವಲ್ಲ, ಮೇಲಿನಿಂದ ನೋಡಿದಾಗಿನ ಅಗಲ ಮತ್ತು ಉದ್ದ. ರೌಂಡ್ ಕಲ್ಲಿನ ವ್ಯಾಸ 6.4 ಮಿ.ಮೀ. ಇತ್ತು, ಅಂದರೆ ಮೇಲ್ಮೈ ಸುಮಾರು 32 ಚದರ ಮಿ.ಮೀ. ಓವಲ್ 7.9 ಉದ್ದ, 5.6 ಅಗಲ, ಮೇಲ್ಮೈ 35ರ ಹತ್ತಿರ. ನೀರಿನ ಹನಿಯಂಥ ಪೇರ್ 8.5 ಉದ್ದ, 5.6 ಅಗಲ, ಸುಮಾರು 33. ಎಮರಾಲ್ಡ್ ಕಟ್, ಅಂದರೆ ಮೂಲೆ ಕತ್ತರಿಸಿದ ಆಯತ, 6.7 ಉದ್ದ, 4.8 ಅಗಲ, 31ಕ್ಕಿಂತ ಹೆಚ್ಚಿಲ್ಲ.

ಓವಲ್‌ನಲ್ಲಿ ನಿಜಕ್ಕೂ ಸಿಕ್ಕ ಹೆಚ್ಚುವರಿ ಎಂಟು–ಒಂಬತ್ತು ಶೇಕಡಾ. ಆದರೆ ಹುಡುಗಿಯ ಬೆರಳಿಗೆ ಇಟ್ಟಾಗ ಅದು ಕಾಲು ಪಾಲು ದೊಡ್ಡದಿದೆ ಅನ್ನಿಸಿತು. ಕಣ್ಣು ವಿಸ್ತೀರ್ಣ ಲೆಕ್ಕ ಹಾಕುವುದಿಲ್ಲ, ಉದ್ದವನ್ನು ಹಿಡಿಯುತ್ತೆ. ಪೇರ್ ಇನ್ನೂ ದೊಡ್ಡದಾಗಿ ಕಂಡಿತು, ವಿಸ್ತೀರ್ಣ ಓವಲ್‌ಗಿಂತ ಕಮ್ಮಿಯಿದ್ದರೂ. ಗಿಡ್ಡ ಬೆರಳಿನವರಿಗೆ ಈ ಎರಡೂ ಒಪ್ಪುತ್ತವೆ, ಬೆರಳೂ ನೀಳವಾಗಿ ಕಾಣುತ್ತೆ. ಎಮರಾಲ್ಡ್ ಮಾತ್ರ ರೌಂಡ್‌ಗಿಂತ ಚಿಕ್ಕದಾಗಿಯೇ ಕಂಡಿತು. "ಉದ್ದ ಆಕಾರವೆಲ್ಲ ದೊಡ್ಡದು" ಅನ್ನುವವರು ಇದನ್ನೂ ಆ ಪಟ್ಟಿಗೆ ಸೇರಿಸುತ್ತಾರೆ, ಅದು ಸರಿಯಲ್ಲ.

ಕಾರಣ ಆಳದಲ್ಲಿದೆ. ಎಮರಾಲ್ಡ್‌ನ ಆಳ 3.4 ಮಿ.ಮೀ., ಅಂದರೆ ಅಗಲದ ಶೇ. 71. ಓವಲ್‌ನದು ಶೇ. 62ರ ಸುಮಾರು. ಆಳವಾದ ಕಲ್ಲಿನಲ್ಲಿ ತೂಕವೆಲ್ಲ ಹೊಟ್ಟೆಯೊಳಗೆ ಸೇರಿ, ಉಂಗುರದ ಕೆಳಗೆ ಮುಚ್ಚಿಹೋಗುತ್ತೆ. ದುಡ್ಡು ಮಾತ್ರ ಅದಕ್ಕೂ ಕೊಡಬೇಕು. ಇದು ಓವಲ್‌ಗೂ ಅನ್ವಯಿಸುತ್ತೆ. ಅದೇ ಅಂಗಡಿಯವರು ಇನ್ನೊಂದು ಒಂದು ಕ್ಯಾರೆಟ್ ಓವಲ್ ತೋರಿಸಿದರು: 7.5 ಉದ್ದ, 5.5 ಅಗಲ, ಆಳ ಶೇ. 69. ಅದರ ಮೇಲ್ಮೈ 32, ಅಂದರೆ ರೌಂಡ್‌ನಷ್ಟೇ! ಬೆಲೆಯಲ್ಲಿ ಸ್ವಲ್ಪ ಕಮ್ಮಿ ಹೇಳಿ, "ಒಳ್ಳೇ ಡೀಲ್" ಅಂದರು. ಹಾಗಾಗಿ ಕ್ಯಾರೆಟ್ ಕೇಳುವ ಮೊದಲು ಸರ್ಟಿಫಿಕೇಟ್‌ನಲ್ಲಿ ಮಿ.ಮೀ. ಅಳತೆ ಬರೆದಿರುವ ಸಾಲು ನೋಡಿ. ಉದ್ದ, ಅಗಲ, ಆಳ ಮೂರೂ ಅಲ್ಲಿರುತ್ತವೆ.

ಇನ್ನು ಬೆಲೆ. ರೌಂಡ್‌ಗೆ 100 ಅಂದುಕೊಂಡರೆ ನಮಗೆ ಸಿಕ್ಕ ರೇಟುಗಳಲ್ಲಿ ಓವಲ್ 88ರ ಹತ್ತಿರ, ಪೇರ್ 80, ಎಮರಾಲ್ಡ್ 75ರ ಆಸುಪಾಸು. ಅಂಗಡಿಯಿಂದ ಅಂಗಡಿಗೆ ನಾಲ್ಕೈದು ಅಂಕ ಆಚೀಚೆ ಆಯಿತು, ಕ್ರಮ ಬದಲಾಗಲಿಲ್ಲ. ರೌಂಡ್ ತುಟ್ಟಿಯಾಗಲು ಮುಖ್ಯ ಕಾರಣ ಕಚ್ಚಾ ವಜ್ರದಲ್ಲಾಗುವ ನಷ್ಟ. ದುಂಡಗೆ ಮಾಡಲು ಸಾಮಾನ್ಯವಾಗಿ ಕಚ್ಚಾ ಕಲ್ಲಿನ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಉಜ್ಜಿಹೋಗುತ್ತೆ. ನೀಳ ಕಲ್ಲಿನಿಂದ ಓವಲ್, ಪೇರ್ ತೆಗೆದರೆ ಉಳಿಯುವುದು ಹೆಚ್ಚು. ಮೂಲೆಯಲ್ಲಿ ದೋಷವಿದ್ದ ಕಲ್ಲಿಗೆ ಪೇರ್ ಮಾಡಿದರೆ ಆ ಮೂಲೆಯನ್ನಷ್ಟೇ ಬಿಟ್ಟು ಉಳಿದದ್ದನ್ನು ಉಳಿಸಿಕೊಳ್ಳಬಹುದು. ಓವಲ್ ಮಾತ್ರ ಈಚಿನ ವರ್ಷಗಳಲ್ಲಿ ಬೇಡಿಕೆ ಏರಿದ್ದರಿಂದ ರೌಂಡ್‌ಗೆ ಹತ್ತಿರ ಬಂದಿದೆ.

ಆದರೆ ಎಮರಾಲ್ಡ್‌ನ ಆ 75 ನಂಬಿ ಖುಷಿಪಡಬೇಡಿ. ಮಿಕ್ಕ ಮೂರೂ ಬ್ರಿಲಿಯಂಟ್ ಕಟ್. ಸಣ್ಣ ಸಣ್ಣ ಮುಖಗಳು ಬೆಳಕನ್ನು ಒಡೆದು ಮಿನುಗಿಸುವುದರಿಂದ ಒಳಗಿನ ಚುಕ್ಕೆ, ಗೆರೆ ಆ ಮಿನುಗಿನಲ್ಲಿ ಮರೆಯಾಗುತ್ತವೆ. ಎಮರಾಲ್ಡ್‌ನ ಮುಖಗಳು ಕಲ್ಯಾಣಿಯ ಮೆಟ್ಟಿಲುಗಳಂತೆ ನೇರವಾಗಿ ಇಳಿಯುತ್ತವೆ, ನೋಡಿದರೆ ತಳದವರೆಗೆ ಕಾಣುತ್ತೆ. ಕರಿ ಚುಕ್ಕೆಯಿದ್ದರೆ ಅದೂ ಕಾಣುತ್ತೆ, ಹಳದಿ ಛಾಯೆಯೂ ಕಾಣುತ್ತೆ. ರೌಂಡ್‌ನಲ್ಲಿ ಶುದ್ಧತೆ ವಿಎಸ್1ಗಿಂತ ಎರಡು ಮೆಟ್ಟಿಲು ಕೆಳಗಿನ ಎಸ್ಐ1 ಆರಿಸಿದರೂ ಬರಿಗಣ್ಣಿಗೆ ಶುದ್ಧವಾಗಿ ಕಾಣುವ ಕಲ್ಲು ಸಿಗುತ್ತೆ. ಎಮರಾಲ್ಡ್‌ನಲ್ಲಿ ವಿಎಸ್2ಗಿಂತ ಕೆಳಗೆ ಇಳಿಯಲು ನನಗೆ ಧೈರ್ಯ ಬರಲಿಲ್ಲ. ಆಕಾರದಲ್ಲಿ ಉಳಿಸಿದ್ದು ಶುದ್ಧತೆಗೆ ಹೋಗುತ್ತೆ. ಮಿನುಗು ಬೇಡ, ಗಂಭೀರವಾದ ಹೊಳಪು ಸಾಕು ಅನ್ನುವವರಿಗೆ ಅದಕ್ಕಿಂತ ಚೆಂದದ್ದು ಇಲ್ಲ. ಗಾತ್ರಕ್ಕಾಗಿ ಅದನ್ನು ಕೊಳ್ಳಬಾರದು.

ಓವಲ್, ಪೇರ್‌ಗಳ ಕಾಯಿಲೆ ಬೇರೆ. ನಡುವೆ ಅಡ್ಡಲಾಗಿ ಎರಡು ತ್ರಿಕೋನಗಳು ತುದಿ ತಾಗಿಸಿದಂತೆ ಕಪ್ಪು ನೆರಳು ಬೀಳುತ್ತೆ, ಅದಕ್ಕೆ ಬೋ ಟೈ ಅನ್ನುತ್ತಾರೆ. ಅದು ಕಲ್ಲಿನೊಳಗಿನ ಕಲೆಯಲ್ಲ. ನೋಡುವವರ ತಲೆ ಬೆಳಕಿಗೆ ಅಡ್ಡ ಬಂದಾಗ ನಡುವಿನ ಮುಖಗಳು ಆ ಕತ್ತಲನ್ನೇ ವಾಪಸು ತೋರಿಸುತ್ತವೆ. ತುಸು ನೆರಳು ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುತ್ತೆ. ಕೈ ಅಲ್ಲಾಡಿಸಿದಾಗ ಅದು ಒಡೆದು ಮಿನುಗಿದರೆ ಸರಿ, ಹಾಗೇ ಕಪ್ಪಗೆ ಉಳಿದರೆ ಬೇಡ. ಸರ್ಟಿಫಿಕೇಟ್‌ನಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ರೌಂಡ್‌ಗೆ ಜಿಐಎ ಕಟ್ ಗ್ರೇಡ್ ಕೊಡುತ್ತೆ, ಎಕ್ಸಲೆಂಟ್ ನೋಡಿ ತೆಗೆದುಕೊಂಡರೆ ಬಹುಮಟ್ಟಿಗೆ ಮೋಸವಿಲ್ಲ. ನಮ್ಮ ಉಳಿದ ಮೂರು ಆಕಾರಗಳ ಸರ್ಟಿಫಿಕೇಟ್‌ನಲ್ಲಿ ಪಾಲಿಷ್, ಸಿಮಿಟ್ರಿ ಅಷ್ಟೇ ಇತ್ತು. ಎರಡೂ ಎಕ್ಸಲೆಂಟ್ ಇರುವ ಓವಲ್ ಕೂಡ ನಡುವೆ ಸತ್ತಂತೆ ಕಾಣಬಹುದು. ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಎಲ್ಲವೂ ಹೊಳೆಯುತ್ತವೆ. ಕಿಟಕಿ ಹತ್ತಿರ, ನೇರ ಬಿಸಿಲಿಲ್ಲದ ಕಡೆ, ಒಂದು ಅಡಿ ದೂರ ಹಿಡಿದು ನೋಡಿ. ಬೇಡ ಅನ್ನುವ ಅಂಗಡಿ ಇದ್ದರೆ ಎದ್ದು ಬನ್ನಿ.

ಪೇರ್‌ಗೆ ಇನ್ನೊಂದು ಖರ್ಚಿದೆ. ಅದರ ಮೊನೆ ಏಟು ಬಿದ್ದರೆ ಚಕ್ಕೆ ಏಳುವ ಜಾಗ. ಅಲ್ಲಿಗೆ ವಿ ಆಕಾರದ ಹಿಡಿ ಕೂರಿಸಲೇಬೇಕು. ಬಣ್ಣವೂ ಮೊನೆಯಲ್ಲೇ ಗಟ್ಟಿಯಾಗಿ ಕಾಣುವುದರಿಂದ ಜಿಗಿಂತ ಕೆಳಗಿಳಿದರೆ ತುದಿ ತುಸು ಹಳದಿ ಹೊಡೆಯುತ್ತೆ.

ಕೊನೆಗೆ ನಾವು ಒಂದು ಕ್ಯಾರೆಟ್ಟನ್ನೇ ಬಿಟ್ಟೆವು. 90 ಸೆಂಟ್ಸ್, ಅಂದರೆ 0.9 ಕ್ಯಾರೆಟ್ಟಿನ ಒಂದು ಓವಲ್ ಸಿಕ್ಕಿತು: 7.6 ಉದ್ದ, 5.4 ಅಗಲ, ಆಳ ಶೇ. 63. ಮೇಲ್ಮೈ 32 ಚದರ ಮಿ.ಮೀ., ಒಂದು ಕ್ಯಾರೆಟ್ ರೌಂಡ್‌ನದೇ ಲೆಕ್ಕ, ಕಾಣುವುದು ಅದಕ್ಕಿಂತ ದೊಡ್ಡದು. ಒಂದು ಕ್ಯಾರೆಟ್ ದಾಟಿದ ಕೂಡಲೇ ಪ್ರತಿ ಕ್ಯಾರೆಟ್ಟಿನ ದರವೇ ಮೇಲಿನ ಮಟ್ಟಕ್ಕೆ ಏರುವುದರಿಂದ, ಇದರ ಬೆಲೆ ರೌಂಡ್‌ನ 100ಕ್ಕೆ ಎದುರಾಗಿ 68ರ ಹತ್ತಿರ ಬಂತು. "ದೊಡ್ಡಮ್ಮ, ಕೇಳಿದವರಿಗೆ ಒಂದು ಕ್ಯಾರೆಟ್ ಅಂತ ಹೇಳೋ ಹಾಗಿಲ್ವಲ್ಲ" ಅಂತ ಹುಡುಗಿ ಸ್ವಲ್ಪ ಮುಖ ಸಣ್ಣಗೆ ಮಾಡಿದಳು. ಉಳಿದ ದುಡ್ಡಿನಲ್ಲಿ ಕಿವಿಗೊಂದು ಜೊತೆ ಟಾಪ್ಸ್ ಆಗುತ್ತೆ ಅಂದ ಮೇಲೆ ಒಪ್ಪಿದಳು.