ಚಿಕ್ಕ ಗುಳ್ಳೆಯಲ್ಲಿ ಕನ್ನಡ ಹಿಡಿಸಲು ನಾಲ್ಕು ದಾರಿ: ಒಂದೇ ಮಾತಿನ ಮೇಲೆ ಮಾಡಿ ನೋಡಿದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಚಿಕ್ಕ ವಾಚನಾಲಯ ಇದೆ. ಅಲ್ಲಿಗೆ ಬರುವ ಮಕ್ಕಳು ಮನೆಯಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ, ಮರಾಟಿ ಹೀಗೆ ಏನೇನೋ ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ. ಕಾಮಿಕ್ಸ್ ಬೇಕು ಅಂದರೆ ಕೈಗೆ ಸಿಗುವುದು ಹೆಚ್ಚಾಗಿ ಮಲಯಾಳದ್ದೇ. ಅದಕ್ಕೆ ನಾನು 16 ಪುಟದ ಒಂದು ಇಂಗ್ಲಿಷ್ ಕಾಮಿಕ್ಸನ್ನು ಕನ್ನಡಕ್ಕೆ ತಂದೆ. ಚಿತ್ರ ಬರೆದವರು ಅದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದರು. ಅವರು ಆರಿಸಿದ ಪರವಾನಗಿಯಲ್ಲಿ ಅನುವಾದ ಮಾಡಬಹುದು, ಚಿತ್ರವನ್ನೂ ತಿದ್ದಬಹುದು. ಎ5 ಅಳತೆಯಲ್ಲಿ ಪ್ರಿಂಟ್ ತೆಗೆದು ಪಿನ್ ಹೊಡೆದು ಮಕ್ಕಳಿಗೆ ಕೊಡುವುದು ಅಂತ ಲೆಕ್ಕ.

ಅನುವಾದ ನಾಲ್ಕು ದಿನದಲ್ಲಿ ಮುಗಿಯಿತು. ಅದನ್ನು ಗುಳ್ಳೆಗಳೊಳಗೆ, ಅಂದರೆ ಪಾತ್ರಗಳ ಮಾತು ಬರೆಯುವ ದುಂಡು ಜಾಗಗಳೊಳಗೆ, ಕೂರಿಸಲು ಒಂದೂವರೆ ತಿಂಗಳು ಹಿಡಿಯಿತು.

ಮೂರನೇ ಪುಟದ ಒಂದು ಗುಳ್ಳೆಯನ್ನೇ ತೆಗೆದುಕೊಳ್ಳುತ್ತೇನೆ. ಇಬ್ಬರು ಮಕ್ಕಳು ಒಂದು ಗುಹೆಯೊಳಗೆ ಕಾಲಿಡುತ್ತಾರೆ. ನೆಲದಲ್ಲಿ ಆಗಷ್ಟೇ ಆರಿದ ಬೆಂಕಿ, ಅದರಿಂದ ಸಣ್ಣಗೆ ಹೊಗೆ ಏಳುತ್ತಿದೆ. ಹುಡುಗಿ ಹೇಳುವ ಮಾತು ಇಂಗ್ಲಿಷಿನಲ್ಲಿ ‘ವೇಟ್! ಐ ಥಿಂಕ್ ಸಮ್‌ಒನ್ ವಾಸ್ ಹಿಯರ್ ಬಿಫೋರ್ ಅಸ್!’ ಎಂದಿದೆ. ನಾನು ಮೊದಲು ಬರೆದದ್ದು ಹೀಗೆ:

‘ನಿಲ್ಲು! ನಮಗಿಂತ ಮೊದಲೇ ಇಲ್ಲಿಗೆ ಯಾರೋ ಬಂದುಹೋಗಿದ್ದಾರೆಂದು ಕಾಣುತ್ತದೆ!’

ಅರ್ಥದಲ್ಲಿ ತಪ್ಪಿಲ್ಲ. ಪದ ಎಣಿಸಿದರೆ ಇಂಗ್ಲಿಷಿನಲ್ಲಿ ಎಂಟು, ನನ್ನದರಲ್ಲಿ ಏಳು. ಆದರೂ ಗುಳ್ಳೆಯೊಳಗೆ ಹೋಗಲಿಲ್ಲ. ಯಾಕೆ ಅಂತ ಸ್ಕೇಲ್ ಇಟ್ಟು ನೋಡಿದೆ. ಪ್ರಿಂಟಿನಲ್ಲಿ ಗುಳ್ಳೆ 35 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಎತ್ತರ. ಮೊಟ್ಟೆಯ ಆಕಾರ ಆದ್ದರಿಂದ ಮೂಲೆಗಳು ಸಿಗುವುದಿಲ್ಲ. ಅಂಚಿಗೆ ತಾಗದ ಹಾಗೆ ಬರೆಯಲು ಸಿಗುವ ಎತ್ತರ ಸುಮಾರು 14 ಮಿಲಿಮೀಟರ್ ಅಷ್ಟೆ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರ. ಅವುಗಳಲ್ಲಿ ಗೆರೆಯಿಂದ ಕೆಳಗೆ ಇಳಿಯುವ ಬಾಲ ಇಲ್ಲವೆಂದೇ ಹೇಳಬಹುದು. 8 ಪಾಯಿಂಟ್ ಅಕ್ಷರಕ್ಕೆ 9 ಪಾಯಿಂಟ್ ಸಾಲು ಕೊಟ್ಟರೂ ಸಾಕು, ನಾಲ್ಕು ಸಾಲು ಆರಾಮವಾಗಿ ಕೂರುತ್ತದೆ. ಕನ್ನಡದಲ್ಲಿ ಮೇಲೆ ಗುಡಿಸು, ಏತ್ವ. ಕೆಳಗೆ ಒತ್ತು. 9 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ ಅಕ್ಷರದ ಒಂದೂಕಾಲು ಪಟ್ಟಾದರೂ ಬೇಕು, ನಿಶ್ಚಿಂತೆಯಾಗಿ ಇರಬೇಕಾದರೆ 1.4 ಪಟ್ಟು. ಆಗ ಅದೇ ಜಾಗದಲ್ಲಿ ಮೂರೇ ಸಾಲು, ನನ್ನ ಮಾತಿಗೋ ನಾಲ್ಕು ಬೇಕು.

ಕನ್ನಡ ಉದ್ದ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಉದ್ದಕ್ಕಿಂತ ಎತ್ತರವೇ ಜಾಸ್ತಿ ಕಾಡಿದ್ದು. ಅದೇ ಪುಸ್ತಕವನ್ನು ಮಲಯಾಳಕ್ಕೆ ಮಾಡುತ್ತಿದ್ದ ಟೀಚರೊಬ್ಬರು ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ಪಾಡು ಬೇರೆ. 1971ರ ಲಿಪಿ ಸುಧಾರಣೆಯ ನಂತರ ಮಲಯಾಳದ ಎಷ್ಟೋ ಕೂಡಕ್ಷರಗಳು ಬಿಡಿಬಿಡಿಯಾಗಿ ಅಡ್ಡಕ್ಕೆ ಹರಡಿಕೊಂಡವು. ‘ನಮ್ಮದು ಉದ್ದಕ್ಕೆ ಹೋಗ್ತದೆ, ನಿಮ್ಮದು ಕೆಳಗೆ ನೇತಾಡ್ತದೆ’ ಅಂದರು ಅವರು. ನನ್ನ ತೊಂದರೆ ಏನೆಂದು ನನಗೆ ಸರಿಯಾಗಿ ತಿಳಿದದ್ದು ಆ ಮಾತಿನಿಂದ.

ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ, ಅಕ್ಷರ ಸಣ್ಣ ಮಾಡುವುದು. ನಾಲ್ಕು ಸಾಲು ಕೂರಬೇಕಾದರೆ ಆರೂವರೆ ಪಾಯಿಂಟಿಗೆ ಇಳಿಸಬೇಕಾಯಿತು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ ಚೆನ್ನಾಗಿಯೇ ಕಂಡಿತು. ಪ್ರಿಂಟ್ ತೆಗೆದು, ಅದರಿಂದ ಜೆರಾಕ್ಸ್ ತೆಗೆದಾಗ ‘ಧ’ದ ಸೀಳು ಮುಚ್ಚಿ ‘ದ’ ಆಗಿತ್ತು. ‘ಷ’ದ ಹೊಟ್ಟೆಯ ಗೆರೆ ಮಸಿಯಲ್ಲಿ ಸೇರಿಹೋಗಿತ್ತು. ಮೂರನೇ ಕ್ಲಾಸಿನ ಒಬ್ಬ ಹುಡುಗ ಅಕ್ಷರ ಅಕ್ಷರ ಹುಡುಕಿ ಓದುವುದನ್ನು ನೋಡಿ ನನಗೆ ಬೇಸರವಾಯಿತು. ಇನ್ನೊಂದು ತೊಂದರೆ ನನಗೆ ಆಮೇಲೆ ಹೊಳೆದದ್ದು. ಕಾಮಿಕ್ಸಿನಲ್ಲಿ ಅಕ್ಷರ ಸಣ್ಣದಾದರೆ ದನಿ ಸಣ್ಣದು ಅಂತ ಅರ್ಥ. ಪಕ್ಕದ ಗುಳ್ಳೆ 9 ಪಾಯಿಂಟ್, ಇದು ಆರೂವರೆ. ಗಾಬರಿಯಿಂದ ಕೂಗಬೇಕಾದ ಹುಡುಗಿ ಪಿಸುಗುಟ್ಟಿದ ಹಾಗಾಯಿತು. ಇಡೀ ಪುಸ್ತಕವನ್ನು ಅರ್ಧ ಪಾಯಿಂಟ್ ಇಳಿಸುವುದಾದರೆ ಅದು ಬೇರೆ ಮಾತು. ಒಂದು ಗುಳ್ಳೆಯನ್ನು ಮಾತ್ರ ಇಳಿಸಬಾರದು. ಮಕ್ಕಳ ಪುಸ್ತಕಕ್ಕೆ 8 ಪಾಯಿಂಟಿನ ಕೆಳಗೆ ಹೋಗುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದೆ.

ಎರಡನೆಯದು ಅಕ್ಷರವನ್ನು ಕಿರಿದು ಮಾಡುವುದು. ಇದರಲ್ಲಿ ಎರಡು ಬಗೆ ಇದೆ, ಎರಡಕ್ಕೂ ತುಂಬಾ ವ್ಯತ್ಯಾಸ. ಸಾಫ್ಟ್‌ವೇರಿನಲ್ಲಿ ಅಕ್ಷರದ ಎರಡು ಬದಿ ಹಿಡಿದು ಸುಮ್ನೆ ಒತ್ತಿದರೆ ನಿಂತ ಗೆರೆಗಳು ತೆಳ್ಳಗಾಗುತ್ತವೆ, ಅಡ್ಡ ಗೆರೆಗಳು ಮೊದಲಿನಷ್ಟೇ ದಪ್ಪ ಇರುತ್ತವೆ. ಕನ್ನಡ ದುಂಡಗಿನ ಲಿಪಿ ಅಲ್ವಾ, ಒತ್ತಿದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ. ಅದರ ಬದಲು ಕಿರಿದಾಗಿಯೇ ಬರೆದ ಫಾಂಟ್ ಬೇಕು. ಏಕ್ ಟೈಪಿನವರ ‘ಅನೇಕ್ ಕನ್ನಡ’ ಫಾಂಟಿನಲ್ಲಿ ಅಗಲವನ್ನು ಶೇಕಡಾ 75ರಿಂದ 125ರ ತನಕ ಬದಲಿಸಬಹುದು, ಗೆರೆಯ ದಪ್ಪ ಕೆಡುವುದಿಲ್ಲ. ಉಚಿತವಾಗಿಯೂ ಸಿಗುತ್ತದೆ. ಅದನ್ನು 80ಕ್ಕೆ ಇಳಿಸಿ ಹಾಕಿದೆ. ಮೊದಲು ಗುಳ್ಳೆಯ ಅಂಚಿಗೆ ತಾಗುತ್ತಿದ್ದ ‘ನಿಲ್ಲು! ನಮಗಿಂತ’ ಎಂಬ ಮೇಲಿನ ಸಾಲು ಒಳಗೆ ಬಂತು.

ಆದರೆ ಸಾಲುಗಳು ನಾಲ್ಕೇ ಉಳಿದವು. ಎತ್ತರದಲ್ಲಿ ಒಂದು ಕೂದಲಿನಷ್ಟೂ ಉಳಿತಾಯ ಇಲ್ಲ. ಸಾಲಿನ ಅಂತರ ಕಡಿಮೆ ಮಾಡಿ ನೋಡಿದೆ. ‘ಇಲ್ಲಿಗೆ’ಯ ಒತ್ತು ಇಳಿದು ಬಂದು ಕೆಳಗಿನ ಸಾಲಿನ ‘ಹೋಗಿ’ಯ ಗುಡಿಸಿಗೆ ತಾಗಿ ನಿಂತಿತು. ಎರಡೂ ಸೇರಿ ಯಾವುದೋ ಗೊತ್ತಿಲ್ಲದ ಅಕ್ಷರದ ಹಾಗೆ ಕಾಣುತ್ತಿತ್ತು. ಕಿರಿದಾದ ಫಾಂಟ್ ಕೆಲಸಕ್ಕೆ ಬರುವುದು ಗುಳ್ಳೆ ನಿಂತ ಆಕಾರದಲ್ಲಿ, ಎತ್ತರ ಜಾಸ್ತಿ ಅಗಲ ಕಡಿಮೆ ಇರುವಾಗ. ನನ್ನ ಪುಸ್ತಕದಲ್ಲಿ ಅಂಥವು ಐದಾರು ಇದ್ದವು, ಅಲ್ಲಿ ಚೆನ್ನಾಗಿ ಒದಗಿತು. ಟೀಚರಿಗಂತೂ ಇದೇ ಉಪಾಯ ಹೆಚ್ಚಿನ ಕಡೆ ಸಾಕಾಯಿತು, ಅವರ ತೊಂದರೆ ಅಗಲದ್ದೇ ಆದ್ದರಿಂದ.

ಮೂರನೆಯದು ಗುಳ್ಳೆಯನ್ನೇ ದೊಡ್ಡದು ಮಾಡುವುದು. ಚಿತ್ರ ಕೆಳಗಿನ ಪದರದಲ್ಲಿ, ಗುಳ್ಳೆ ಮತ್ತು ಅಕ್ಷರ ಮೇಲಿನ ಪದರದಲ್ಲಿ ಬೇರೆಯಾಗಿ ಇದ್ದರೆ ಮಾತ್ರ ಇದು ಸುಲಭ. ನನಗೆ ಸಿಕ್ಕಿದ ಕಡತಗಳು ಹಾಗೆ ಇದ್ದವು, ಇಂಕ್‌ಸ್ಕೇಪಿನಲ್ಲಿ ತೆರೆದು ಗುಳ್ಳೆಯನ್ನು ಎಳೆದರೆ ಆಯಿತು. ಎಲ್ಲ ಒಂದೇ ಚಿತ್ರವಾಗಿ ಸೇರಿಹೋಗಿದ್ದರೆ ಹಳೇ ಅಕ್ಷರ ಅಳಿಸಿ, ಗೆರೆ ಹೊಸದಾಗಿ ಎಳೆದು, ಅಷ್ಟೆಲ್ಲ ಮಾಡಬೇಕು. ಎಳೆಯುವಾಗ ಗುಳ್ಳೆಯ ಬಾಲದ ತುದಿ ಮಾತಾಡುವವರ ಬಾಯಿಯ ಕಡೆಗೇ ಇದೆಯಾ ಎಂದು ನೋಡಿಕೊಳ್ಳಬೇಕು. ಎರಡು ಗುಳ್ಳೆಗಳು ಹತ್ತಿರ ಬಂದು ಯಾವುದನ್ನು ಮೊದಲು ಓದಬೇಕು ಎಂಬುದೇ ತಪ್ಪಿಹೋಗುವುದೂ ಉಂಟು.

ನನ್ನ ನಾಲ್ಕು ಸಾಲಿಗೆ 41ಕ್ಕೆ 25 ಮಿಲಿಮೀಟರ್ ಬೇಕಾಯಿತು. ಎಳೆದೆ. ಅಕ್ಷರಗಳೆಲ್ಲ ಹಾಯಾಗಿ ಕೂತವು, ನನಗೆ ಖುಷಿಯಾಯಿತು. ಮರುದಿನ ಬೆಳಿಗ್ಗೆ ಪುಟ ನೋಡಿದಾಗ ಗುಳ್ಳೆಯ ಕೆಳಗಿನ ಅಂಚು ಬೆಂಕಿಯ ಹೊಗೆಯನ್ನು ಮುಚ್ಚಿಬಿಟ್ಟಿತ್ತು. ಯಾರೋ ಬಂದಿದ್ದರು ಅಂತ ಆ ಹುಡುಗಿಗೆ ಗೊತ್ತಾದದ್ದೇ ಆ ಹೊಗೆಯಿಂದ. ನಾನು ಅವಳ ಮಾತು ಪೂರ್ತಿ ಉಳಿಸಲು ಹೋಗಿ ಅದರ ಕಾರಣವನ್ನೇ ಮುಚ್ಚಿದ್ದೆ.

ನಾಲ್ಕನೆಯ ದಾರಿ ಅಲ್ಲೇ ಕಂಡಿತು. ಹೊಗೆ ಚಿತ್ರದಲ್ಲಿ ಇದೆ, ಗುಹೆಯೂ ಇದೆ. ಹಾಗಾದರೆ ‘ಇಲ್ಲಿಗೆ’ ಯಾಕೆ? ಅದನ್ನು ತೆಗೆದೆ. ‘ಮೊದಲೇ’ ಅಂದ ಮೇಲೆ ‘ನಮಗಿಂತ’ ಅದರೊಳಗೇ ಇದೆ. ಅದೂ ಹೋಯಿತು. ಉಳಿದದ್ದು ‘ಬಂದುಹೋಗಿದ್ದಾರೆಂದು ಕಾಣುತ್ತದೆ’. ಅದರಲ್ಲಿ ಮೊದಲನೆಯದು ಏಳು ಅಕ್ಷರದ ಒಂದೇ ಪದ, ನಡುವೆ ಮುರಿಯಲು ಎಲ್ಲೂ ಜಾಗ ಇಲ್ಲ. ಬಂದಿದ್ದಾರೆ ಅಂತ ಬರೆದರೆ ಅವಳ ಅನುಮಾನ ಬಿಟ್ಟುಹೋಗುತ್ತದೆ, ಅವಳಿಗೆ ಖಚಿತ ಇಲ್ಲ. ನಮ್ಮ ಕಡೆ ಇಂಥ ಹೊತ್ತಿಗೆ ಬಾಯಿಗೆ ಏನು ಬರುತ್ತದೆ ಎಂದು ಯೋಚಿಸಿದೆ. ‘ಬಂದ ಹಾಗಿದೆ.’

‘ನಿಲ್ಲು! ಯಾರೋ ಮೊದಲೇ ಬಂದ ಹಾಗಿದೆ!’

ಮೊದಲಿನದರಲ್ಲಿ 25 ಅಕ್ಷರ, ನಾಲ್ಕು ಒತ್ತು. ಇದರಲ್ಲಿ 12 ಅಕ್ಷರ, ಒಂದೇ ಒತ್ತು. ‘ನಿಲ್ಲು!’ ಮೇಲೆ, ‘ಯಾರೋ ಮೊದಲೇ’ ನಡುವೆ, ‘ಬಂದ ಹಾಗಿದೆ!’ ಕೆಳಗೆ. ಮೂರೇ ಸಾಲು, 9 ಪಾಯಿಂಟ್, ಗುಳ್ಳೆ ಮೊದಲಿದ್ದಷ್ಟೇ. ಹೊಗೆಯೂ ಉಳಿಯಿತು.

ಆಮೇಲೆ ಉಳಿದ ಗುಳ್ಳೆಗಳಿಗೂ ಇದನ್ನೇ ಮೊದಲು ಮಾಡಿದೆ. ಕನ್ನಡದಲ್ಲಿ ಕ್ರಿಯಾಪದವೇ ಯಾರೆಂದು ಹೇಳುತ್ತದೆ, ಹಾಗಾಗಿ ‘ನಾನು’, ‘ನೀನು’ಗಳನ್ನು ಹೆಚ್ಚಿನ ಕಡೆ ಬಿಡಬಹುದು. ಸಂಧಿ ಬಿಡಿಸಿದರೆ ಒಂದೆರಡು ಅಕ್ಷರ ಜಾಸ್ತಿಯಾದರೂ ಸಾಲು ಮುರಿಯಲು ಜಾಗ ಸಿಗುತ್ತದೆ. ‘ಮನೆಯೊಳಗಿದ್ದಾನೆ’ ಒಂದೇ ಗಂಟು. ‘ಮನೆಯ ಒಳಗೆ ಇದ್ದಾನೆ’ ಮಾತು ಉದ್ದ, ಆದರೂ ಚಿಕ್ಕ ಗುಳ್ಳೆಯಲ್ಲಿ ಕೂರುವುದು ಅದೇ.

ಇಲ್ಲಿ ನಾನು ಎಡವಿದ ಒಂದು ಜಾಗ ಹೇಳಬೇಕು. ಆಡುಮಾತಿಗೆ ಇಳಿಸಿದರೆ ಎಲ್ಲವೂ ಚಿಕ್ಕದಾಗುತ್ತದೆ ಎಂದು ನಂಬಿದ್ದೆ. ‘ಕೇಳಿದರು’ ನಾಲ್ಕು ಅಕ್ಷರ, ‘ಕೇಳಿದ್ರು’ ಮೂರು. ಅಗಲ ಉಳಿಯಿತು, ಆದರೆ ಇಲ್ಲದ ಒತ್ತು ಒಂದು ಹುಟ್ಟಿ ಕೆಳಗಿನ ಸಾಲಿಗೆ ಇಳಿಯಿತು. ಎತ್ತರವೇ ಕಷ್ಟ ಇರುವ ಗುಳ್ಳೆಯಲ್ಲಿ ‘ಕೇಳಿದರು’ವೇ ವಾಸಿ. ಅಥವಾ ಒತ್ತು ಇರುವ ಪದವನ್ನು ಕೊನೇ ಸಾಲಿಗೆ ತರಬೇಕು, ಅದರ ಕೆಳಗೆ ತಾಗುವುದಕ್ಕೆ ಏನೂ ಇರುವುದಿಲ್ಲ. ‘ಬರ್ತೀನಿ’ಯನ್ನೂ ಒಂದು ಕಡೆ ಹಾಕಿದ್ದೆ. ಮಕ್ಕಳು ಅದನ್ನು ಟಿವಿ ಕನ್ನಡ ಎಂದರು. ಇಲ್ಲಿ ಎಲ್ಲರೂ ಹೇಳುವುದು ‘ಬರ್ತೇನೆ’, ಅಕ್ಷರವೂ ಅಷ್ಟೇ. ಬದಲಿಸಿದೆ.

ಮಾತು ಕಡಿಯುವುದು ಎಲ್ಲ ಕಡೆ ನಡೆಯುವುದಿಲ್ಲ. ಪುಸ್ತಕದಲ್ಲಿ ಒಬ್ಬ ಅಜ್ಜ ಇದ್ದಾನೆ, ಅವನು ಕೊರೆಯುವುದೇ ಕಥೆಯ ಒಂದು ಭಾಗ. ಅವನ ಮಾತು ಕಡಿದರೆ ಅಜ್ಜನೇ ಇಲ್ಲ. ಹನ್ನೊಂದನೇ ಪುಟದಲ್ಲಿ ಅವನ ಒಂದು ಗುಳ್ಳೆಯನ್ನು ಎರಡು ಮಾಡಿ, ನಡುವೆ ಸಣ್ಣ ಕುತ್ತಿಗೆ ಎಳೆದು ಜೋಡಿಸಿದೆ. ಎರಡನೆಯ ಗುಳ್ಳೆ ಬರಿ ಆಕಾಶದ ಮೇಲೆ ಬಂತು, ಏನೂ ಮುಚ್ಚಲಿಲ್ಲ. ಟೀಚರು ಅದನ್ನು ನೋಡಿ ಮಲಯಾಳದ ಪುಟಕ್ಕೂ ಆ ಜೋಡಿ ಗುಳ್ಳೆಯನ್ನೇ ಕೇಳಿ ತೆಗೆದುಕೊಂಡರು.