ಎಡಗೈ ಸ್ಪಿನ್ನರ್ ಎದುರು ಸ್ವೀಪಾ, ರಿವರ್ಸ್ ಸ್ವೀಪಾ?

ನಾನು ಬಲಗೈ ಬ್ಯಾಟರ್. ಬೆಂಗಳೂರಿನಲ್ಲಿ ವಾರಾಂತ್ಯದ ಪಂದ್ಯಗಳಲ್ಲಿ ನಾಲ್ಕನೇ, ಐದನೇ ಕ್ರಮಾಂಕದಲ್ಲಿ ಇಳಿಯುತ್ತೇನೆ. ನಾನು ಇಳಿಯುವ ಹೊತ್ತಿಗೆ ಎದುರಾಳಿ ತಂಡದ ಎಡಗೈ ಸ್ಪಿನ್ನರ್ ಕೈಗೆ ಚೆಂಡು ಬಂದಿರುತ್ತದೆ. ರೌಂಡ್ ದಿ ವಿಕೆಟ್ ಬಂದು, ಮಿಡಲ್ ಸ್ಟಂಪ್ ಕಡೆಗೆ ಹಾಕಿ, ಆಫ್ ಕಡೆಗೆ ತಿರುಗಿಸುತ್ತಾನೆ. ಸುಮ್ನೆ ಬ್ಯಾಟ್ ಮುಂದಿಟ್ಟು ತಡೆಯುತ್ತಾ ನಿಂತರೆ ಓವರ್‌ಗಳು ಖಾಲಿ ಹೋಗುತ್ತವೆ, ಕೊನೆಗೆ ಒಂದು ಎಡ್ಜ್ ಸ್ಲಿಪ್ ಕೈ ಸೇರುತ್ತದೆ. ಅದಕ್ಕೇ ಈ ಬಗೆಯ ಬೌಲರ್ ಎದುರು ಸ್ವೀಪ್ ಮತ್ತು ರಿವರ್ಸ್ ಸ್ವೀಪ್ ಎರಡನ್ನೂ ಪಟ್ಟು ಹಿಡಿದು ಅಭ್ಯಾಸ ಮಾಡಿದೆ. ನಮ್ಮ ತಂಡದ ಎಡಗೈ ಸ್ಪಿನ್ನರ್ ಒಬ್ಬ ಬೇಸರ ಇಲ್ಲದೆ ನೆಟ್‌ನಲ್ಲಿ ಹಾಕಿಕೊಟ್ಟ. ಮ್ಯಾಟ್ ಮೇಲೂ ಆಡಿದೆವು, ಟರ್ಫ್ ಮೇಲೂ ಆಡಿದೆವು.

ನನಗೆ ಕಂಡ ದೊಡ್ಡ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವೀಪ್ ಶುರು ಮಾಡಿದ ಮೇಲೂ ಅದರಿಂದ ವಾಪಸ್ ಬರಲು ಸ್ವಲ್ಪ ಜಾಗ ಇದೆ. ರಿವರ್ಸ್ ಸ್ವೀಪ್‌ನಲ್ಲಿ ಕೈ ತಿರುಗಿತು ಅಂದರೆ ಮುಗಿಯಿತು, ಆಡಲೇಬೇಕು. ಉಳಿದ ಲೆಕ್ಕಾಚಾರವೆಲ್ಲ ನನ್ನ ಪ್ರಕಾರ ಇದರ ಮೇಲೆಯೇ ನಿಂತಿದೆ.

ಮೊದಲು ಕಾಲಿನ ವಿಷಯ. ಸ್ವೀಪ್‌ಗೆ ಎಡಗಾಲನ್ನು ಚೆಂಡು ಬೀಳುವ ಜಾಗದ ಕಡೆಗೆ ಉದ್ದಕ್ಕೆ ಚಾಚಬೇಕು, ಮಂಡಿ ಚೆನ್ನಾಗಿ ಬಾಗಬೇಕು, ಹಿಂದಿನ ಮಂಡಿ ನೆಲ ಮುಟ್ಟಬೇಕು. ತಲೆ ಮುಂದಿನ ಮಂಡಿಯ ಮೇಲೆ ಇರಬೇಕು. ತಲೆ ಹಿಂದೆ ಉಳಿದರೆ ಬ್ಯಾಟ್ ಕೆಳಗಿನಿಂದ ಮೇಲಕ್ಕೆ ಏಳುತ್ತದೆ, ಚೆಂಡೂ ಹಾಗೇ ಏಳುತ್ತದೆ. ಹೆಜ್ಜೆ ಗಿಡ್ಡ ಆದಾಗ ಬರುವ ತೊಂದರೆ ಇನ್ನೂ ದೊಡ್ಡದು. ಚೆಂಡು ಬಿದ್ದ ಜಾಗಕ್ಕೂ ಬ್ಯಾಟ್‌ಗೂ ನಡುವೆ ದೂರ ಉಳಿದುಬಿಡುತ್ತದೆ, ಆ ದೂರದಲ್ಲಿ ಚೆಂಡು ತಿರುಗಬಹುದು, ಪುಟಿಯಬಹುದು, ಕೆಳಗೇ ಉಳಿಯಬಹುದು. ಉದ್ದ ಹೆಜ್ಜೆ ಇಟ್ಟರೆ ಚೆಂಡಿಗೆ ಅಷ್ಟು ಸಮಯವೇ ಸಿಗುವುದಿಲ್ಲ. ಅದಕ್ಕೇ ಮ್ಯಾಟ್ ಮೇಲೆ, ಬಿದ್ದ ಕಡೆಯಿಂದ ಚೆಂಡು ಎದೆ ಎತ್ತರಕ್ಕೆ ಏಳುವಾಗ, ಅರ್ಧ ಹೆಜ್ಜೆಯ ಸ್ವೀಪ್ ಅಂದರೆ ಟಾಪ್ ಎಡ್ಜ್ ಖಾತ್ರಿ.

ರಿವರ್ಸ್‌ಗೂ ಮುಂದೆ ಹೋಗುವುದು ಅದೇ ಕಾಲು, ಆದರೆ ದಿಕ್ಕು ಬೇರೆ. ಸ್ವೀಪ್‌ನಲ್ಲಿ ನನ್ನ ಪ್ಯಾಡ್ ಚೆಂಡಿನ ಸಾಲಿನಲ್ಲೇ ಇರುತ್ತದೆ, ಬ್ಯಾಟ್ ತಪ್ಪಿದರೂ ಹಿಂದೆ ಒಂದು ಗೋಡೆ ಇದ್ದ ಹಾಗೆ. ರಿವರ್ಸ್‌ನಲ್ಲಿ ಪ್ಯಾಡ್ ಅಲ್ಲೇ ಇಟ್ಟರೆ ಲೆಗ್ ಕಡೆಯಿಂದ ಸುತ್ತಿ ಬರುವ ಬ್ಯಾಟ್‌ಗೆ ನನ್ನ ಕಾಲೇ ಅಡ್ಡ. ಹಾಗಾಗಿ ಕಾಲನ್ನು ಸಾಲಿನಿಂದ ಸ್ವಲ್ಪ ಒಳಗೆ, ಅಂದರೆ ಲೆಗ್ ಕಡೆಗೆ ಇಡಬೇಕಾಯಿತು. ಆಗ ಬ್ಯಾಟ್ ಸಲೀಸಾಗಿ ಬರುತ್ತದೆ, ಗೋಡೆ ಮಾತ್ರ ಹೋಯಿತು. ತಿರುಗದೆ ನೇರ ಬರುವ ಆರ್ಮ್ ಬಾಲ್ ತಪ್ಪಿದರೆ ಸ್ಟಂಪ್‌ಗೆ ಬೀಳುತ್ತದೆ. ಇದನ್ನು ಅಭ್ಯಾಸದಿಂದ ಕಡಿಮೆ ಮಾಡಬಹುದು, ಪೂರ್ತಿ ತೆಗೆಯಲು ಆಗಲಿಲ್ಲ.

ಇನ್ನು ಬ್ಯಾಟ್. ಸ್ವೀಪ್‌ನಲ್ಲಿ ಬ್ಯಾಟ್ ಎತ್ತರದಿಂದ ಇಳಿದು, ನೆಲಕ್ಕೆ ಅಡ್ಡವಾಗಿ ಬಂದು, ಮುಂದಿನ ಪ್ಯಾಡ್‌ಗಿಂತ ಮುಂದೆ ಚೆಂಡನ್ನು ಸೇರಬೇಕು. ತಗುಲಿದ ಮೇಲೆ ಮಣಿಕಟ್ಟು ಉರುಳಿದರೆ ಚೆಂಡು ನೆಲಕ್ಕೆ ಇಳಿಯುತ್ತದೆ. ತಡವಾಗಿ ಸೇರಿದರೆ ಫೈನ್ ಲೆಗ್ ಕಡೆ, ಬೇಗ ಸೇರಿದರೆ ಸ್ಕ್ವೇರ್ ಕಡೆ. ಎರಡೂ ರನ್ನೇ. ಈ ಹೊಡೆತಕ್ಕೆ ಕೆಳಗೈ ಬಲ ಪೂರ್ತಿ ಸಿಗುತ್ತದೆ, ಹಾಗಾಗಿ ಅರೆಬರೆ ತಗುಲಿದರೂ ಚೆಂಡು ಒಳವೃತ್ತದ ಫೀಲ್ಡರ್‌ನನ್ನು ದಾಟುತ್ತದೆ.

ರಿವರ್ಸ್‌ನಲ್ಲಿ ನಾನು ಕೈ ಅದಲುಬದಲು ಮಾಡುವುದಿಲ್ಲ, ಹಿಡಿತ ಅದೇ. ಮಣಿಕಟ್ಟು ತಿರುಗಿಸಿ ಬ್ಯಾಟನ್ನು ಎಡಭುಜದ ಕಡೆಗೆ ಒಯ್ದು, ಮುಖವನ್ನು ಪಾಯಿಂಟ್ ಕಡೆಗೆ ಮಾಡಿಕೊಂಡು ಸುತ್ತಿಸುತ್ತೇನೆ. ಇಲ್ಲಿ ಬಲ ಕಡಿಮೆ. ಚೆಂಡಿನ ವೇಗವನ್ನೇ ಬಳಸಿಕೊಂಡು, ಕಣ್ಣಿನ ಕೆಳಗೆ, ಸ್ವಲ್ಪ ತಡವಾಗಿ ಆಡಬೇಕು. ಜೋರಾಗಿ ಹೊಡೆಯಲು ಹೋದ ಪ್ರತಿ ಸಲವೂ ಬ್ಯಾಟ್‌ನ ಮುಖ ಆಕಾಶ ನೋಡುತ್ತಿತ್ತು. ನಮ್ಮ ಸ್ಪಿನ್ನರ್ ಆ ಕಡೆಯಿಂದ, 'ಹಿಡಿ ಬಿಗಿ ಮಾಡ್ಬೇಡ ಕಣೋ, ಕೈ ಸಡಿಲ ಬಿಡು' ಅಂತ ಕೂಗುತ್ತಿದ್ದ. ಅವನು ಹೇಳಿದ್ದು ಸರಿ. ಕೈ ಸಡಿಲ ಬಿಟ್ಟಾಗ ಮುಖ ನೆಲದ ಕಡೆ ಬಾಗಲು ಶುರುವಾಯಿತು.

ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ, ಯಾರು ಬೇಕಾದರೂ ಮಾಡಬಹುದು. ಬ್ಯಾಟ್‌ನ ಮುಖವನ್ನು ಒರೆಸಿ, ಹೊಸ ಕೆಂಪು ಚೆಂಡಿನಲ್ಲಿ ಒಂದೇ ಹೊಡೆತವನ್ನು ಆಡುತ್ತಾ ಹೋಗಿ, ಆಮೇಲೆ ಗುರುತು ನೋಡಿ. ನನ್ನ ಬ್ಯಾಟ್‌ನಲ್ಲಿ ಸ್ವೀಪ್‌ನ ಕೆಂಪು ಕಲೆಗಳು ಮಧ್ಯಭಾಗದ ಕೆಳಗೆ ಒತ್ತಾಗಿ ಒಂದೇ ಕಡೆ ಇದ್ದವು. ರಿವರ್ಸ್‌ನವು ತುದಿಯಿಂದ ಹಿಡಿದು ಸ್ಟಿಕ್ಕರ್‌ವರೆಗೆ ಚೆಲ್ಲಾಪಿಲ್ಲಿ, ಕೆಲವು ಅಂಚಿನಲ್ಲೇ. ಕೆಲವು ವಾರ ಕಳೆದ ಮೇಲೆ ಮತ್ತೆ ನೋಡಿದಾಗ ರಿವರ್ಸ್ ಕಲೆಗಳು ಒಂದಿಷ್ಟು ಒಟ್ಟುಗೂಡಿದ್ದವು, ಆದರೆ ಅಂಚಿನವು ಪೂರ್ತಿ ಹೋಗಿರಲಿಲ್ಲ. ಪಂದ್ಯದಲ್ಲಿ ಯಾವ ಹೊಡೆತವನ್ನು ಎಷ್ಟು ನಂಬಬಹುದು ಅನ್ನುವುದನ್ನು ಆ ಕಲೆಗಳೇ ಹೇಳುತ್ತವೆ.

ಈಗ ಅಪಾಯದ ವಿಷಯಕ್ಕೆ ಬರೋಣ. ಇಲ್ಲಿ ಎಲ್‌ಬಿಡಬ್ಲ್ಯು ನಿಯಮ ಸರಿಯಾಗಿ ಗೊತ್ತಿರಬೇಕು. ಲೆಗ್ ಸ್ಟಂಪ್‌ನ ಹೊರಗೆ ಬಿದ್ದ ಚೆಂಡಿಗೆ ಎಲ್‌ಬಿ ಇಲ್ಲ. ಆಡುವ ಪ್ರಯತ್ನ ಮಾಡಿದ್ದು, ಪ್ಯಾಡ್‌ಗೆ ತಗುಲಿದ್ದು ಆಫ್ ಸ್ಟಂಪ್‌ನ ಹೊರಗೆ ಆದರೆ ಆಗಲೂ ಇಲ್ಲ. ರಿವರ್ಸ್ ಆಡಿದರೆ ಆಫ್ ಮತ್ತು ಲೆಗ್ ಅದಲುಬದಲಾಗುತ್ತದೆ ಅಂತ ನಮ್ಮ ಕಡೆ ಎಷ್ಟೋ ಜನ ಅಂಪೈರ್ ಜೊತೆ ವಾದ ಮಾಡುತ್ತಾರೆ. ಹಾಗೇನಿಲ್ಲ. ಬೌಲರ್ ಓಟ ಶುರು ಮಾಡಿದಾಗ ಬ್ಯಾಟರ್ ಹೇಗೆ ನಿಂತಿದ್ದನೋ ಅದೇ ಕೊನೆಯವರೆಗೂ ಲೆಕ್ಕ.

ಇದನ್ನು ಎಡಗೈ ಸ್ಪಿನ್ನರ್‌ಗೆ ಹೊಂದಿಸಿದರೆ ಚಿತ್ರ ಸ್ಪಷ್ಟ. ಲೆಗ್ ಸ್ಟಂಪ್ ಹೊರಗೆ ಬೀಳುವ ಚೆಂಡು ಸ್ವೀಪ್‌ನದು. ತಪ್ಪಿದರೂ ಎಲ್‌ಬಿ ಇಲ್ಲ, ಪ್ಯಾಡ್ ಸಾಲಿನಲ್ಲಿರುವುದರಿಂದ ಬೌಲ್ಡ್ ಆಗುವ ಭಯವೂ ಕಡಿಮೆ. ಆಫ್ ಸ್ಟಂಪ್ ಹೊರಗೆ ಬಿದ್ದು ಇನ್ನೂ ಹೊರಗೆ ತಿರುಗುವ ಚೆಂಡು ರಿವರ್ಸ್‌ನದು. ತಿರುವು ಹೋಗುವ ದಿಕ್ಕಿನಲ್ಲೇ ಆಡಿದ ಹಾಗಾಗುತ್ತದೆ. ಅದೇ ಚೆಂಡನ್ನು ಲೆಗ್ ಕಡೆಗೆ ಸ್ವೀಪ್ ಮಾಡಿದರೆ ತಿರುವಿಗೆ ವಿರುದ್ಧ ಎಳೆದಂತೆ, ಟಾಪ್ ಎಡ್ಜ್ ಬರುವುದೇ ಹೀಗೆ. ಎರಡರ ನಡುವೆ, ಮಿಡಲ್ ಸ್ಟಂಪ್ ಸಾಲಿನಲ್ಲಿ ಬರುವ ಚೆಂಡಿಗೆ ಎರಡೂ ಬೇಡ.

ಒಂದೇ ತಂಡ, ಮೂರು ದಿನಗಳ ಅಂತರದಲ್ಲಿ ಎರಡೂ ಹೊಡೆತಗಳ ಫಲ ಕಂಡ ಸಂದರ್ಭ ಒಂದಿದೆ. 1987ರ ವಿಶ್ವಕಪ್. ನವೆಂಬರ್ 5ರಂದು ವಾಂಖೆಡೆಯ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್‌ನ ಗ್ರಹಾಂ ಗೂಚ್ ನಮ್ಮ ಇಬ್ಬರು ಎಡಗೈ ಸ್ಪಿನ್ನರ್‌ಗಳಾದ ಮಣಿಂದರ್ ಸಿಂಗ್ ಮತ್ತು ರವಿ ಶಾಸ್ತ್ರಿಯನ್ನು ಸ್ವೀಪ್ ಮಾಡಿ ಮಾಡಿ 115 ಹೊಡೆದ. ಅದಕ್ಕೆ ಅಂತಲೇ ನೆಟ್‌ನಲ್ಲಿ ಎಡಗೈ ಸ್ಪಿನ್ ಹಾಕಿಸಿಕೊಂಡು ಸ್ವೀಪ್ ತಿದ್ದಿಕೊಂಡಿದ್ದ. ಭಾರತ 35 ರನ್‌ಗಳಿಂದ ಸೋತಿತು. ನವೆಂಬರ್ 8ರಂದು ಈಡನ್ ಗಾರ್ಡನ್ಸ್ ಫೈನಲ್‌ನಲ್ಲಿ 254 ಬೆನ್ನಟ್ಟುತ್ತಿದ್ದ ಇಂಗ್ಲೆಂಡ್ 2 ವಿಕೆಟ್‌ಗೆ 135 ತಲುಪಿ ಆರಾಮಾಗಿತ್ತು. ನಾಯಕ ಮೈಕ್ ಗ್ಯಾಟಿಂಗ್ 41ರಲ್ಲಿದ್ದ. ಆಸ್ಟ್ರೇಲಿಯಾ ನಾಯಕ ಅಲನ್ ಬಾರ್ಡರ್ ತಾನೇ ಎಡಗೈ ಸ್ಪಿನ್ ಹಾಕಲು ಬಂದ. ಅವನ ಮೊದಲ ಚೆಂಡು ಲೆಗ್ ಕಡೆಗೆ ಹೋಗುತ್ತಿತ್ತು, ಗ್ಯಾಟಿಂಗ್ ರಿವರ್ಸ್ ಸ್ವೀಪ್‌ಗೆ ಇಳಿದ. ಟಾಪ್ ಎಡ್ಜ್ ಅವನ ಭುಜಕ್ಕೆ ತಗುಲಿ ಎದ್ದು ಕೀಪರ್ ಗ್ರೆಗ್ ಡೈಯರ್ ಕೈ ಸೇರಿತು. ಇಂಗ್ಲೆಂಡ್ 7 ರನ್‌ಗಳಿಂದ ಸೋತಿತು. ಅಂದಿನಿಂದ ರಿವರ್ಸ್ ಸ್ವೀಪ್ ಅಂದರೆ ಜನ ಗ್ಯಾಟಿಂಗ್ ಹೆಸರು ಎತ್ತುತ್ತಾರೆ. ನನ್ನ ಪ್ರಕಾರ ಹೊಡೆತದ ಮೇಲೆ ಪೂರ್ತಿ ತಪ್ಪು ಹೊರಿಸುವುದು ಸರಿಯಲ್ಲ. ಸಾಲು ಅದಕ್ಕೆ ಸೇರಿದ್ದಲ್ಲ. ಬೌಲರ್ ಆಗಷ್ಟೇ ಬಂದಿದ್ದ, ಅವನ ಚೆಂಡು ಎಷ್ಟು ಪುಟಿಯುತ್ತದೆ ಅಂತ ಗ್ಯಾಟಿಂಗ್ ಇನ್ನೂ ನೋಡಿರಲೇ ಇಲ್ಲ. ಕೈ ತಿರುಗಿದ ಮೇಲೆ ಚೆಂಡು ಲೆಗ್ ಕಡೆ ಅಂತ ಕಂಡರೂ ಮಾಡುವುದಕ್ಕೇನಿದೆ? ಅದೇ ಚೆಂಡಿಗೆ ಗೂಚ್ ತರಹದ ಸ್ವೀಪ್‌ಗೆ ಇಳಿದಿದ್ದರೆ, ಕೊನೇ ಗಳಿಗೆಯಲ್ಲಿ ಪ್ಯಾಡ್‌ಗೆ ಬಿಟ್ಟುಕೊಡಬಹುದಿತ್ತು ಅಲ್ವಾ?

ಈ ವಾಪಸ್ ಬರುವ ದಾರಿಯನ್ನು ನಾನು ನೆಟ್‌ನಲ್ಲಿ ಬೇಕಂತಲೇ ಅಭ್ಯಾಸ ಮಾಡಿದೆ. ಸ್ವೀಪ್‌ಗೆ ಕಾಲು ಚಾಚಿ ಮಂಡಿ ಬಗ್ಗಿಸಿದ ಮೇಲೆ ಚೆಂಡು ಅಂದುಕೊಂಡದ್ದಕ್ಕಿಂತ ಗಿಡ್ಡ ಅಂತ ಕಂಡರೆ, ಬ್ಯಾಟನ್ನು ಸುತ್ತಿಸದೆ ಪ್ಯಾಡ್ ಪಕ್ಕಕ್ಕೆ ತಂದು ಸುಮ್ನೆ ತಡೆಯುವುದು, ಇಲ್ಲವೇ ಮುಖ ತೋರಿಸಿ ಫೈನ್ ಲೆಗ್ ಕಡೆ ಒತ್ತುವುದು. ಇದು ಬೇಗ ಕೈಗೆ ಹತ್ತಿತು. ರಿವರ್ಸ್‌ನಲ್ಲೂ ಹೀಗೇ ಮಾಡಲು ನೋಡಿದೆ. ಮಣಿಕಟ್ಟು ಮತ್ತೆ ಮೊದಲಿನ ಸ್ಥಿತಿಗೆ ಬರುವಷ್ಟರಲ್ಲಿ ಚೆಂಡು ಕೀಪರ್ ಹತ್ತಿರ ಇರುತ್ತಿತ್ತು.

ಪಿಚ್ ಕೂಡ ನೋಡಿಕೊಳ್ಳಬೇಕು. ಮ್ಯಾಟ್ ಮೇಲೆ ಪುಟಿತ ಜಾಸ್ತಿ, ಆದರೆ ಹೆಚ್ಚುಕಮ್ಮಿ ಒಂದೇ ಸಮ, ಹಾಗಾಗಿ ಕೆಲವು ಓವರ್ ನೋಡಿದ ಮೇಲೆ ಎರಡೂ ಹೊಡೆತ ಆಡಬಹುದು. ಹಳೆಯ, ಒಣಗಿ ಪುಡಿಯಾದ ಟರ್ಫ್‌ನಲ್ಲಿ ಚೆಂಡು ಕೆಳಗೇ ಉಳಿಯುತ್ತದೆ, ಅಡ್ಡ ಬ್ಯಾಟ್ ಅದರ ಮೇಲೆಯೇ ಹಾದುಹೋಗುತ್ತದೆ. 2023ರ ಫೆಬ್ರವರಿಯ ದೆಹಲಿ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ಮೂರನೇ ದಿನ 1 ವಿಕೆಟ್‌ಗೆ 61ರಿಂದ ಶುರು ಮಾಡಿ 113ಕ್ಕೆ ಮುಗಿದದ್ದು ಹೀಗೇ. ಸ್ಟೀವ್ ಸ್ಮಿತ್ ಅಶ್ವಿನ್‌ಗೆ ಸ್ವೀಪ್ ಮಾಡಿ ಎಲ್‌ಬಿ, ಅಲೆಕ್ಸ್ ಕ್ಯಾರಿ ಜಡೇಜಾಗೆ ರಿವರ್ಸ್ ಮಾಡಿ ಬೌಲ್ಡ್. ಅಂಥ ಪಿಚ್‌ನಲ್ಲಿ ನಾನು ಎರಡನ್ನೂ ಪಕ್ಕಕ್ಕಿಡುತ್ತೇನೆ. ಕೀಪರ್ ಚೆಂಡನ್ನು ಮಂಡಿಗಿಂತ ಕೆಳಗೆ ಮತ್ತೆ ಮತ್ತೆ ಹಿಡಿಯುತ್ತಿದ್ದರೆ ಅದೇ ಸೂಚನೆ.

ಹಾಗಾದರೆ ರಿವರ್ಸ್ ಯಾಕೆ ಬೇಕು? ಫೀಲ್ಡಿಂಗ್ ಒಡೆಯಲು. ಒಂದೆರಡು ಸ್ವೀಪ್ ಬೌಂಡರಿಗೆ ಹೋದ ಕೂಡಲೇ ನಾಯಕ ಡೀಪ್ ಸ್ಕ್ವೇರ್ ಲೆಗ್ ಇಡುತ್ತಾನೆ, ಒಂದು ಶಾರ್ಟ್ ಫೈನ್ ಲೆಗ್ ಕೂಡ ಬರುತ್ತದೆ. ಆ ಫೀಲ್ಡರ್ ಬಹುಪಾಲು ಪಾಯಿಂಟ್ ಹಿಂದಿನಿಂದಲೇ ಬಂದಿರುತ್ತಾನೆ. ಆಗ ಆಫ್ ಹೊರಗಿನ ಚೆಂಡಿಗೆ ಮೆತ್ತಗೆ ಒಂದು ರಿವರ್ಸ್ ಆಡಿದರೆ, ಬಲ ಇಲ್ಲದಿದ್ದರೂ ಎರಡು ರನ್ ಸಿಗುತ್ತದೆ. ಅವನು ವಾಪಸ್ ಹೋಗುತ್ತಾನೆ, ಸ್ವೀಪ್‌ಗೆ ಮತ್ತೆ ದಾರಿ ತೆರೆಯುತ್ತದೆ. ನಮ್ಮ ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಎದುರು ಔಟಾಗದೆ 303 ಮಾಡಿದ ಆಟ ಮತ್ತೆ ನೋಡಿ. ಸ್ಪಿನ್ನರ್‌ಗಳಿಗೆ ಅವರು ಸ್ವೀಪ್, ರಿವರ್ಸ್ ಎರಡನ್ನೂ ಆಡಿದ್ದಾರೆ.

ಈಗ ನನ್ನ ಕ್ರಮ ಹೀಗಿದೆ. ಹೊಸದಾಗಿ ಬಂದ ಎಡಗೈ ಸ್ಪಿನ್ನರ್‌ಗೆ ಮೊದಲ ಓವರ್ ನೇರ ಬ್ಯಾಟ್. ಆರ್ಮ್ ಬಾಲ್ ಇದೆಯೋ ಇಲ್ಲವೋ ನೋಡಿಕೊಂಡ ಮೇಲೆ ಲೆಗ್ ಸಾಲಿಗೆ ಬಂದದ್ದಕ್ಕೆ ಸ್ವೀಪ್. ರಿವರ್ಸ್ ಆಡುವುದು ಪಾಯಿಂಟ್ ಹಿಂದೆ ಜಾಗ ಖಾಲಿ ಇದ್ದು, ಅವನು ಆಫ್ ಹೊರಗೆ ಒಂದೇ ಲೆಂಗ್ತ್‌ಗೆ ಹಾಕುತ್ತಿರುವಾಗ ಮಾತ್ರ. ರನ್ ಬರುತ್ತಿಲ್ಲ ಅನ್ನುವ ಚಡಪಡಿಕೆಯಲ್ಲಿದ್ದರೆ ಸ್ವೀಪ್ ಸಾಕು, ರಿವರ್ಸ್ ಬೇಡವೇ ಬೇಡ.